ಸ್ವಚ್ಛತೆ: ಹತ್ತಕ್ಕೆ ನಾಲ್ಕು. ಯಾರ ಸ್ವಚ್ಛತೆ ರೀ?

ಪೋಸ್ಟ್ ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡಿಕೊಂಡು ಓದ್ರಿ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಕ್ಕಳನ್ನ ಐಟಿಐಗೋ, ನರ್ಸಿಂಗಿಗೋ, ಹೊಲಿಗೆ ತರಬೇತಿಗೋ ಕಳಿಸಿದವರು ಖಂಡಿತ ಓದ್ರಿ.

ನಮ್ಮ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಕಲಿಯುವ ಒಬ್ಬ ಹುಡುಗ ಮೊನ್ನೆ ಮಳೆಗಾಲದಲ್ಲಿ ನನ್ನ ಹತ್ತಿರ ಒಂದು ಮಡಚಿದ ಹಾಳೆ ತಂದ. ಅಫಜಲಪುರ ತಾಲ್ಲೂಕಿನವನು, ಭೀಮಾ ದಂಡೆಯ ಊರು, ಅಪ್ಪ ಅವ್ವ ಇಬ್ಬರೂ ಕಬ್ಬು ಕಡಿಯಲಿಕ್ಕೆ ಹೋಗುವವರು. ಕೇಂದ್ರದಲ್ಲಿ ವಿದ್ಯಾರ್ಥಿಗಳೇ ಒಬ್ಬರ ಕೆಲಸ ಇನ್ನೊಬ್ಬರು ನೋಡಿ ಅಂಕ ಕೊಡುವ ಫಾರಂ ಶುರು ಮಾಡಿದ್ದರು. ಐದು ಕಾಲಂ, ಒಂದೊಂದಕ್ಕೆ ಹತ್ತು: ಶಿಸ್ತು, ಸ್ವಚ್ಛತೆ, ಕೌಶಲ, ತಂಡದ ಮನೋಭಾವ, ನಾಯಕತ್ವ. ನಾಲ್ಕು ಜನ ಸಹಪಾಠಿಗಳು ಇವನಿಗೆ ಅಂಕ ಕೊಟ್ಟಿದ್ದರು. ಕೌಶಲಕ್ಕೆ 8, 8, 7, 8. ಅದು ಆ ಬ್ಯಾಚಿನಲ್ಲೇ ಹೆಚ್ಚು. ಸ್ವಚ್ಛತೆಗೆ 4, 5, 3, 5. ತಂಡದ ಮನೋಭಾವಕ್ಕೆ 3, 4, 4, 5. ನಾಯಕತ್ವಕ್ಕೆ ಸರಾಸರಿ 4, ಶಿಸ್ತಿಗೆ 7. ಎಲ್ಲ ಕೂಡಿಸಿ ಐವತ್ತಕ್ಕೆ 27. ಕೈಕೆಲಸದಲ್ಲಿ ಮುಂದಿದ್ದ ಹುಡುಗ ಒಟ್ಟು ಪಟ್ಟಿಯಲ್ಲಿ ಕೆಳಗೆ ಹೋಗಿದ್ದ. ಒಂದು ಕಂಪನಿಗೆ ಅಪ್ರೆಂಟಿಸ್ ಹೆಸರು ಕಳಿಸುವಾಗ ಅದೇ ಪಟ್ಟಿಯ ಮೇಲಿನಿಂದ ಐದು ಹೆಸರು ಕಳಿಸಿದರು. ಇವನ ಹೆಸರು ಹೋಗಲಿಲ್ಲ.

ನಾನು ಹೋಗಿ ಕೇಳಿದೆ. ಅಲ್ಲಿನವರು ಜಗಳ ಮಾಡಲಿಲ್ಲ, ಚಹಾ ಕೊಟ್ಟರು, ಫಾರಂಗಳನ್ನೂ ತೋರಿಸಿದರು. "ಸರ್, ನಾವೇನೂ ಮಾಡಿಲ್ರಿ. ಹುಡುಗ್ರು ಹುಡುಗ್ರಿಗೆ ಕೊಟ್ಟ ಮಾರ್ಕು ಇವು. ಇದರಾಗ ಜಾತಿ ಎಲ್ಲಿಂದ ಬಂತು?" ಅಂದರು. ಸುಳ್ಳು ಹೇಳತಿದ್ದರು ಅಂತ ನನಗೆ ಅನಿಸಲಿಲ್ಲ. ಅವರು ಖರೇನೇ ಹಾಗೆ ನಂಬಿದ್ದರು.

ಜಾತಿ ಎಲ್ಲಿಂದ ಬಂತು ಅಂತ ಹುಡುಕಲಿಕ್ಕೆ ಆ ಹಾಳೆಯನ್ನೇ ಓದಿದರೆ ಸಾಕು. ‘ಸ್ವಚ್ಛತೆ’ ಅಂತ ಕಾಲಂ ಇದೆ. ಯಾರ ಸ್ವಚ್ಛತೆ? ಬೋರ್ಡಿನದಾ, ಹುಡುಗನದಾ? ಫಾರಂ ಹೇಳೋದಿಲ್ಲ. ಅಂಕ ಕೊಟ್ಟ ಒಬ್ಬ ಹುಡುಗನನ್ನ ನಾನೇ ಕೇಳಿದೆ. "ಅವನ ಅಂಗಿ ದಿನಾ ಅದೇ ಇರ್ತದಲ್ರೀ" ಅಂದ. ಎರಡೇ ಅಂಗಿ ಇರುವ ಹುಡುಗನ ವೈರಿಂಗ್ ಕೆಲಸಕ್ಕೆ ಅಂಗಿ ನೋಡಿ ಅಂಕ. ‘ತಂಡದ ಮನೋಭಾವ’ಕ್ಕೆ ಯಾಕೆ ಮೂರು ಅಂದರೆ, "ಊಟಕ್ಕ ನಮ್ಮ ಸಂಗಟ ಕೂಡೋದಿಲ್ರಿ." ಕೂಡ್ರು ಬಾ ಅಂತ ಯಾರು ಕರೆದಿದ್ದರು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಯಾರೂ ಇವನಿಗೆ ಕೇಡು ಬಯಸಿ ಬರೆದಿರಲಿಲ್ಲ. ಖಾಲಿ ಪದ ಕೊಟ್ಟರೆ ಅದರೊಳಗೆ ಮನೆಯಿಂದ ತಂದದ್ದನ್ನ ತುಂಬುತ್ತಾರೆ, ಅಷ್ಟೇ. ಬಾಬಾಸಾಹೇಬರು ಶಾಲೆಯಲ್ಲಿ ಲೆಕ್ಕ ಬಿಡಿಸಲಿಕ್ಕೆ ಬೋರ್ಡಿನ ಹತ್ತಿರ ಹೋದಾಗ, ಬೋರ್ಡಿನ ಹಿಂದೆ ಇಟ್ಟಿದ್ದ ಊಟದ ಡಬ್ಬಿ ತೆಗೆಯಲಿಕ್ಕೆ ಉಳಿದ ಹುಡುಗರು ಓಡಿದ ಪ್ರಸಂಗ ಅವರ ಜೀವನಚರಿತ್ರೆಯಲ್ಲಿ ನಾವೆಲ್ಲ ಓದಿದ್ದೇವೆ. ಆ ದಿನ ಆ ಹುಡುಗರ ಕೈಗೆ ಈ ಐದು ಕಾಲಂ ಫಾರಂ ಕೊಟ್ಟಿದ್ದರೆ ಏನು ಬರೆಯುತ್ತಿದ್ದರು? ಲೆಕ್ಕ ಸರಿ ಇತ್ತೋ ತಪ್ಪಿತ್ತೋ ಅನ್ನೋದಕ್ಕೆ ಅದರಲ್ಲಿ ಜಾಗವೇ ಇಲ್ಲ.

ನಮ್ಮ ಸಂಘಟನೆಯ ಕೆಲವು ಗೆಳೆಯರು "ಈ ಪದ್ಧತಿನೇ ರದ್ದು ಮಾಡಸೋಣ, ಅರ್ಜಿ ಕೊಡೋಣ" ಅಂದರು. ನಾನು ಒಪ್ಪಲಿಲ್ಲ. ಮೇಷ್ಟ್ರು ಒಬ್ಬರೇ ಅಂಕ ಕೊಟ್ಟಾಗ ನಮ್ಮ ಮಕ್ಕಳಿಗೆ ಏನು ನ್ಯಾಯ ಸಿಕ್ಕಿತ್ತು? ಇನ್ನೊಂದು ಮಾತು, ಇದು ರದ್ದಾಗುವ ವಸ್ತುವೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಪ್ರಗತಿ ಪತ್ರದಲ್ಲಿ ಶಿಕ್ಷಕರ ಜೊತೆಗೆ ವಿದ್ಯಾರ್ಥಿಯ ಸ್ವಂತ ಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನ ಎರಡೂ ಇರಬೇಕು ಅಂತ ಬರೆದಿದೆ. ಆ ನೀತಿಯ ಬಗ್ಗೆ ನಮ್ಮ ತಕರಾರು ಬೇರೆ ಇವೆ, ಆದರೆ ಈ ಫಾರಂ ಒಂದಲ್ಲ ಒಂದು ರೂಪದಲ್ಲಿ ನಮ್ಮ ಶಾಲೆಗಳಿಗೆ ಬಂದೇ ಬರ್ತದ. ಐಟಿಐಗಳಲ್ಲಿ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಪಠ್ಯಕ್ರಮದಲ್ಲಿ ಒಳ್ಳೆಯ ಅಳತೆಗಳೂ ಇವೆ: ಉಪಕರಣ ಬಳಸುವ ಕೌಶಲ, ಕೆಲಸದ ನಿಖರತೆ, ಕೆಲಸದ ಅಂದ, ಎಷ್ಟು ಸಹಾಯ ಬೇಕಾಯಿತು, ಇವನ್ನ ನೋಡಿ 60ರಿಂದ 75, 75ರಿಂದ 90, 90ರ ಮೇಲೆ ಅಂತ ಮೂರು ಹಂತ. ಅದೇ ಪುಸ್ತಕದಲ್ಲಿ ‘ವರ್ತನೆ’ಯನ್ನೂ ಗಮನಿಸಬೇಕು ಅಂತ ಒಂದು ಸಾಲು ಇದೆ. ನಿಖರತೆಯನ್ನ ಅಳೆಯಲಿಕ್ಕೆ ಪಟ್ಟಿ ಇದೆ, ಮೀಟರ್ ಇದೆ. ವರ್ತನೆಯನ್ನ ಯಾವುದರಿಂದ ಅಳೆಯೋದು? ಫಾರಂ ಬರೆಯುವವರು ಆ ಸಾಲನ್ನೇ ಹಿಡಿದು ಐದರಲ್ಲಿ ನಾಲ್ಕು ಕಾಲಂ ಮಾಡಿಬಿಡ್ತಾರೆ.

ಅದಕ್ಕೆ ನಾವೇ ಒಂದು ಫಾರಂ ಮಾಡಿ ನೋಡೋಣ ಅಂತ ಕೂತೆವು. ಶನಿವಾರ ಸಂಜೆ ಒಂದು ಹಾಸ್ಟೆಲಿನ ವರಾಂಡದಲ್ಲಿ ಮೂರೂ ತಾಲ್ಲೂಕಿನ ಹನ್ನೆರಡು ಜನ ಹುಡುಗ ಹುಡುಗಿಯರು, ನಿವೃತ್ತರಾದ ಒಬ್ಬರು ಎಲೆಕ್ಟ್ರಿಷಿಯನ್ ಮೇಷ್ಟ್ರು, ಮತ್ತೆ ವೈರಿಂಗ್ ಏನೂ ಗೊತ್ತಿಲ್ಲದ ನಾನು. ಒಂದೇ ಒಂದು ಕೆಲಸ ಆರಿಸಿಕೊಂಡೆವು: ಸ್ಟೇರ್‌ಕೇಸ್ ವೈರಿಂಗ್. ಮೆಟ್ಟಿಲ ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ನಡುವೆ ಒಂದು ಬಲ್ಬು. ಯಾವ ಸ್ವಿಚ್ ಒತ್ತಿದರೂ ಬಲ್ಬಿನ ಸ್ಥಿತಿ ಬದಲಾಗಬೇಕು. ಎಲ್ಲ ಎಲೆಕ್ಟ್ರಿಷಿಯನ್ ಹುಡುಗರೂ ಮಾಡುವ ಕೆಲಸ ಇದು.

ಮೇಷ್ಟ್ರನ್ನ ಕೇಳಿದೆ, "ನೀವು ಇದನ್ನ ನೋಡಿ ಚಲೋ ಅದ, ಕೆಟ್ಟದದ ಅಂತ ಹೆಂಗ ಹೇಳ್ತೀರಿ?" "ನೋಡಿದ ಕೂಡಲೇ ಗೊತ್ತಾಗ್ತದಪಾ" ಅಂದರು. ಅಲ್ಲೇ ತೊಡಕು. ಗೊತ್ತಿದ್ದವರಿಗೆ ಗೊತ್ತಾಗ್ತದ, ಗೊತ್ತಿಲ್ಲದವರು ಅಂಗಿ ನೋಡ್ತಾರೆ. ಅವರ ಕಣ್ಣು ಎಲ್ಲಿಗೆ ಹೋಗ್ತದ ಅಂತ ಒಂದೊಂದೇ ಬಿಡಿಸಿ ಬರೆಸಿದೆವು. ಎರಡು ಶನಿವಾರ ಹಿಡಿಯಿತು. ಕೊನೆಗೆ ಎಂಟು ಪ್ರಶ್ನೆ ಉಳಿದವು, ಎಲ್ಲದಕ್ಕೂ ಉತ್ತರ ಹೌದು ಅಥವಾ ಇಲ್ಲ. ಹತ್ತಕ್ಕೆ ಎಷ್ಟು ಅನ್ನುವ ಮಾತೇ ಇಲ್ಲ. ಆರಕ್ಕೂ ಏಳಕ್ಕೂ ಏನು ವ್ಯತ್ಯಾಸ ಅಂತ ಹೇಳಲಿಕ್ಕೆ ಆಗದಿದ್ದರೆ ಆ ಸಂದಿಯಲ್ಲೇ ಗೆಳೆತನ, ಹಗೆ, ಜಾತಿ ಎಲ್ಲ ನುಸುಳೋದು.

ಮೊದಲ ಮೂರು ಪ್ರಶ್ನೆ ಕೆಲಸ ನಡೆಯುವಾಗ ನೋಡುವಂಥವು. ಕೈ ಹಚ್ಚುವ ಮೊದಲು ಮೇನ್ ಆಫ್ ಮಾಡಿ ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡರೇ? ವೈರ್ ಕತ್ತರಿಸುವ ಮೊದಲು ನಕ್ಷೆ ಬರೆದುಕೊಂಡರೇ? ವೈರ್ ಸುಲಿಯುವಾಗ ಒಳಗಿನ ತಾಮ್ರದ ಎಳೆ ಒಂದೂ ಕಡಿಯದಂತೆ ಸುಲಿದರೇ? ಉಳಿದ ಐದು, ಮುಗಿದ ಬೋರ್ಡ್ ನೋಡಿ ಹೇಳುವಂಥವು. ಪ್ರತಿ ವೈರನ್ನ ಮೆಲ್ಲಗೆ ಎಳೆದರೆ ಒಂದೂ ಕಿತ್ತು ಬರೋದಿಲ್ಲವೇ? ಸ್ಕ್ರೂ ಹೊರಗೆ ಬರಿ ತಾಮ್ರ ಕಾಣೋದಿಲ್ಲವೇ? ಫೇಸಿಗೆ, ನ್ಯೂಟ್ರಲ್ಲಿಗೆ, ಅರ್ಥಿಗೆ ಬೇರೆ ಬೇರೆ ಬಣ್ಣದ ವೈರ್ ಸರಿಯಾಗಿ ಹಾಕಿದ್ದಾರೆಯೇ? ಕೊನೆಯ ಎರಡು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರ ಆಟ ಇರೋದೇ ಅಲ್ಲಿ.

ಎರಡು ಸ್ವಿಚ್ಚಿಗೆ ಒಟ್ಟು ನಾಲ್ಕು ಸ್ಥಿತಿ ಇರ್ತಾವ: ಎರಡೂ ಮೇಲೆ, ಎರಡೂ ಕೆಳಗೆ, ಒಂದು ಮೇಲೆ ಒಂದು ಕೆಳಗೆ, ಅದರ ಉಲ್ಟಾ. ಕೆಲಸ ಸರಿ ಇದ್ದರೆ ನಾಲ್ಕರಲ್ಲಿ ಎರಡು ಸಲ ಬಲ್ಬು ಹತ್ತಬೇಕು, ಎರಡು ಸಲ ಆರಬೇಕು. ಟೂ ವೇ ಸ್ವಿಚ್ಚಿಗೆ ಮೂರು ಸ್ಕ್ರೂ, ಅದರಲ್ಲಿ ಒಂದು ಕಾಮನ್. ಒಂದು ಸ್ವಿಚ್ಚಿನಲ್ಲಿ ಕಾಮನ್ ವೈರನ್ನೂ ಪಕ್ಕದ ವೈರನ್ನೂ ಅದಲು ಬದಲು ಮಾಡಿದರೆ ಬಲ್ಬು ನಾಲ್ಕರಲ್ಲಿ ಒಂದೇ ಸಲ ಹತ್ತತದ. ಆ ಒಂದು ಸಲ ನೋಡಿದ ಗೆಳೆಯ "ಹತ್ತಿತು ಬಿಡು, ಹತ್ತಕ್ಕೆ ಒಂಬತ್ತು" ಅಂತ ಬರೀತಾನೆ. ನಾಲ್ಕೂ ಸಲ ಒತ್ತಿ ನೋಡಿದಿರಾ ಅಂತ ಫಾರಂ ಕೇಳಿದರೆ ಹಾಗೆ ಬರೆಯಲಿಕ್ಕೆ ಆಗೋದಿಲ್ಲ.

ಎಂಟನೆಯದು ಇನ್ನೂ ಮೋಸದ್ದು. ಫೇಸ್ ಸ್ವಿಚ್ಚುಗಳ ಮೂಲಕ ಹೋಗಬೇಕು, ನ್ಯೂಟ್ರಲ್ ನೇರ ಬಲ್ಬಿಗೆ ಹೋಗಬೇಕು. ಇದನ್ನ ಉಲ್ಟಾ ಮಾಡಿದರೂ ಬಲ್ಬು ನಾಲ್ಕರಲ್ಲಿ ಎರಡು ಸಲ ಸರಿಯಾಗೇ ಹತ್ತತದ, ಎರಡು ಸಲ ಆರತದ. ನೋಡಿದರೆ ಏನೂ ತಪ್ಪಿಲ್ಲ. ಆದರೆ ಬಲ್ಬು ಆರಿದ್ದಾಗಲೂ ಹೋಲ್ಡರಿನಲ್ಲಿ ಕರೆಂಟ್ ಇರ್ತದ. ಯಾರದೋ ಮನೆಯಲ್ಲಿ ಸ್ವಿಚ್ ಆಫ್ ಮಾಡಿ ಬಲ್ಬು ಬದಲಿಸಲಿಕ್ಕೆ ಕೈ ಹಾಕಿದ ಹೆಣ್ಣುಮಗಳು ಸಾಯೋದು ಇಂಥದ್ದರಿಂದಲೇ. ಪ್ರಶ್ನೆ ಹೀಗೆ: ಬಲ್ಬು ಜಾಗದಲ್ಲೇ ಇದ್ದು ಆರಿರುವಾಗ ಹೋಲ್ಡರಿನ ಸ್ಕ್ರೂಗಳಿಗೆ ಟೆಸ್ಟರ್ ಹಚ್ಚಿದರೆ ಟೆಸ್ಟರ್ ಉರಿಯೋದಿಲ್ಲವೇ? ಇದೊಂದನ್ನ ಮೇಷ್ಟ್ರೇ ಹಚ್ಚಿ ತೋರಿಸಬೇಕು, ಹುಡುಗರು ನಿಂತು ನೋಡಿ ಬರೆಯಬೇಕು.

ಫಾರಂ ಆಯಿತು. ಬರೆಯೋದು ಯಾರು, ಹೆಂಗ? ಇದರಲ್ಲಿ ನಾವು ಎಡವಿದ್ದು ಜಾಸ್ತಿ.

ಮುಗಿದ ಬೋರ್ಡಿಗೆ ಹೆಸರು ಬೇಕಾಗಿಲ್ಲ. ನಮ್ಮ ಕಡೆ ಹೆಸರು, ಅಡ್ಡಹೆಸರು ಕೇಳಿದರೆ ಓಣಿ ಯಾವುದು ಅಂತ ಗೊತ್ತಾಗಿ ಹೋಗ್ತದ. ಅದಕ್ಕೆ ಹನ್ನೆರಡು ಬೋರ್ಡಿನ ಹಿಂದೆ ಚೀಟಿಯ ನಂಬರ್ ಅಂಟಿಸಿ, ಮೇಷ್ಟ್ರು ಜಾಗ ಕಲಸಿ ಗೋಡೆಗೆ ಸಾಲಾಗಿ ಒರಗಿಸಿದರು. ಒಂದೊಂದು ಬೋರ್ಡಿಗೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಐದು ಪ್ರಶ್ನೆಗೆ ಉತ್ತರ ಬರೆಯೋದು. ಮೊದಲ ಮೂರು ಪ್ರಶ್ನೆಗೆ ಮಾತ್ರ ಹೆಸರು ಮುಚ್ಚಲಿಕ್ಕೆ ಬರೋದಿಲ್ಲ, ಕಣ್ಣೆದುರಿಗೇ ಮನುಷ್ಯ ಕೆಲಸ ಮಾಡತಿರ್ತಾನೆ. ಅದಕ್ಕೆ ಯಾರು ಯಾರನ್ನ ನೋಡಬೇಕು ಅಂತ ಚೀಟಿ ಎತ್ತಿ ತೀರ್ಮಾನ ಮಾಡಿದೆವು, ಪ್ರತಿ ವಾರ ಜೋಡಿ ಬದಲು. ನಾನು ನಿನಗೆ, ನೀನು ನನಗೆ ಅಂತ ಎದುರಾಬದುರು ಜೋಡಿ ಬಂದರೆ ಆ ಚೀಟಿ ವಾಪಸ್. ಎದುರಾಬದುರು ಇದ್ದರೆ ಅದು ಅಂಕವಲ್ಲ, ಮುಯ್ಯಿ. ‘ಇಲ್ಲ’ ಅಂತ ಬರೆದವರು ಏನು ಕಂಡಿತು ಅಂತ ಒಂದು ಸಾಲು ಬರೆಯಲೇಬೇಕು: "ಎರಡನೇ ಸ್ವಿಚ್ಚಿನ ಮೇಲಿನ ಸ್ಕ್ರೂ, ವೈರ್ ಕೈಗೆ ಬಂತು" ಅಂತ. "ಕೆಲಸ ಸರಿ ಇಲ್ಲ" ಅಂತ ಬರೆದರೆ ಹಾಳೆ ವಾಪಸ್.

ಮೊದಲ ದಿನವೇ ಹುಡುಗರ ಕೈಗೆ ಫಾರಂ ಕೊಟ್ಟಿದ್ದು ನಮ್ಮ ದೊಡ್ಡ ತಪ್ಪು. ಹನ್ನೆರಡು ಬೋರ್ಡ್, ಎಲ್ಲರಿಗೂ ಎಲ್ಲ ಹೌದು. ಇಡೀ ವರಾಂಡದಲ್ಲಿ ಒಂದೂ ತಪ್ಪಿಲ್ಲ! ಮೇಷ್ಟ್ರು ಹೋಗಿ ಮೂರನೇ ಬೋರ್ಡಿನ ವೈರ್ ಎಳೆದರು, ಕೈಗೇ ಬಂತು. ಮುಂದಿನ ಶನಿವಾರ ಅವರೇ ಮೂರು ಬೋರ್ಡ್ ತಯಾರು ಮಾಡಿ ತಂದರು. ಒಂದು ಸರಿ ಇತ್ತು, ಒಂದರಲ್ಲಿ ಕಾಮನ್ ವೈರ್ ಅದಲು ಬದಲು, ಒಂದರಲ್ಲಿ ನ್ಯೂಟ್ರಲ್ ಸ್ವಿಚ್ಚಿಗೆ ಹೋಗಿತ್ತು. ಯಾವುದು ಯಾವುದು ಅಂತ ಹೇಳದೆ ಎಲ್ಲರಿಗೂ ಮೂರನ್ನೂ ನೋಡಿ ಬರೆಯಲು ಹೇಳಿದರು, ಆ ಹೊತ್ತಿಗೆ ಟೆಸ್ಟರ್ ಹಚ್ಚಿ ತೋರಿಸಲಿಲ್ಲ. ನ್ಯೂಟ್ರಲ್ ತಪ್ಪಿದ್ದ ಬೋರ್ಡನ್ನ ಎಲ್ಲರೂ ಸರಿ ಅಂತಲೇ ಬರೆದರು. ಚಂದ ಇತ್ತು ಅದು, ವೈರ್ ಎಲ್ಲ ನೆಟ್ಟಗೆ ಕೂಡಿಸಿದ್ದರು. ಆಮೇಲೆ ಟೆಸ್ಟರ್ ಹಚ್ಚಿದರು, ಉರಿಯಿತು. ಅವತ್ತು ಒಂದು ತಾಸಿನಲ್ಲಿ ಕಲಿತದ್ದು ಒಂದು ತಿಂಗಳು ಫಾರಂ ತುಂಬಿದ್ದರೂ ಕಲೀತಿರಲಿಲ್ಲ.

ಫಾಲ್ಚಿಕಾಫ್, ಗೋಲ್ಡ್‌ಫಿಂಚ್ ಅನ್ನುವ ಇಬ್ಬರು 2000ದಲ್ಲಿ ಆವರೆಗೆ ನಡೆದ ಸಹಪಾಠಿ ಮೌಲ್ಯಮಾಪನದ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ದರು. ಕಾಲಂ ಹೆಚ್ಚು ಮಾಡಿ ಒಂದೊಂದಕ್ಕೆ ಬೇರೆ ಬೇರೆ ಅಂಕ ಹಾಕಿಸಿದಾಗಿಗಿಂತ, ಅಳತೆ ಏನು ಅಂತ ಚೆನ್ನಾಗಿ ಅರ್ಥವಾಗಿ ಒಟ್ಟಾರೆ ತೀರ್ಪು ಕೊಟ್ಟಾಗಲೇ ವಿದ್ಯಾರ್ಥಿಗಳ ಅಂಕ ಮೇಷ್ಟ್ರ ಅಂಕಕ್ಕೆ ಹತ್ತಿರ ಬಂದಿತ್ತು. ಇದನ್ನ ಓದಿ ನನಗೆ ನಮ್ಮ ಎಂಟು ಪ್ರಶ್ನೆಯ ಮೇಲೇ ಅನುಮಾನ ಬಂದಿತ್ತು. ಈಗ ನನ್ನ ಅನಿಸಿಕೆ ಇದು: ಎಂಟು ಇರಲಿ, ಒಂದೇ ಇರಲಿ, ಮೊದಲು ಆ ಮೂರು ಬೋರ್ಡಿನ ಪಾಠ ಆಗಬೇಕು. ಅಳತೆ ತಲೆಗೆ ಹೋಗದೆ ಫಾರಂ ಎಷ್ಟು ಚಲೋ ಇದ್ದರೂ ಪ್ರಯೋಜನ ಇಲ್ಲ. ಎಂಟಕ್ಕಿಂತ ಹೆಚ್ಚು ಮಾತ್ರ ಮಾಡಬೇಡ್ರಿ. ಒಬ್ಬ ಹುಡುಗಿ ಹದಿನೈದು ಪ್ರಶ್ನೆ ಬರೆದು ತಂದಿದ್ದಳು, ಹತ್ತನೆಯದರ ಆಚೆ ಎಲ್ಲರೂ ಕಣ್ಣು ಮುಚ್ಚಿ ಟಿಕ್ ಹಾಕಿದರು.

ಇಬ್ಬರು ನೋಡಿದವರ ಉತ್ತರ ಬೇರೆ ಬೇರೆ ಬಂದರೆ ಏನು ಮಾಡೋದು? ಹಳೆ ಫಾರಂ ಸರಾಸರಿ ತೆಗೀತಿತ್ತು. 3 ಮತ್ತು 9 ಕೊಟ್ಟರೆ 6, ಅಂದ್ರೆ ಒಬ್ಬನ ದ್ವೇಷ, ಇನ್ನೊಬ್ಬನ ಗೆಳೆತನ ಕೂಡಿಸಿ ಎರಡಕ್ಕೆ ಭಾಗ. ನಮ್ಮದರಲ್ಲಿ ಸರಾಸರಿ ಇಲ್ಲ. ಏಳನೇ ಬೋರ್ಡಿನ ನಾಲ್ಕನೇ ಪ್ರಶ್ನೆಗೆ ಒಬ್ಬ ಹೌದು, ಒಬ್ಬಳು ಇಲ್ಲ ಅಂದಿದ್ದರು. ಇಬ್ಬರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ ಮತ್ತೆ ಎಳೆದು ನೋಡಿದೆವು. ಆರು ವೈರ್ ಗಟ್ಟಿ ಇದ್ದವು, ಏಳನೆಯದು ಅಲ್ಲಾಡಿತು. ಹುಡುಗ ಆರೇ ಎಳೆದು ನಿಲ್ಲಿಸಿದ್ದ. ಜಗಳ ಅಲ್ಲಿಗೆ ಮುಗೀತು, ಯಾಕಂದ್ರ ನೋಡಲಿಕ್ಕೆ ಬೋರ್ಡ್ ಇತ್ತು. ‘ನಾಯಕತ್ವ’ದ ಬಗ್ಗೆ ಜಗಳ ಬಂದರೆ ಎಲ್ಲಿಗೆ ಹೋಗಿ ಎಳೆದು ನೋಡೋದು?

ಈಗ ನಮ್ಮವರಿಗೇ ಬೇಸರ ಆಗುವ ಮಾತು. ಆ ವರಾಂಡದಲ್ಲಿದ್ದವರು ಹನ್ನೆರಡು ಜನರೂ ದಲಿತ ಮಕ್ಕಳು. ಅಲ್ಲಿ ಪಕ್ಷಪಾತ ಇರಲಿಲ್ಲವೇ? ಇತ್ತು. ಹೆಸರು ಕಾಣುವ ಮೊದಲ ಮೂರು ಪ್ರಶ್ನೆಯಲ್ಲಿ ಹುಡುಗಿಯರಿಗೆ ‘ಇಲ್ಲ’ ಜಾಸ್ತಿ ಬಂತು. ಎಡ, ಬಲ ಅನ್ನುವ ನಮ್ಮೊಳಗಿನ ಗೆರೆಯೂ ಒಂದೆರಡು ಹಾಳೆಯಲ್ಲಿ ಕಂಡಿತು, ನಾನು ಯಾರಿಗೂ ತೋರಿಸಲಿಲ್ಲ. ಅದೇ ಮಕ್ಕಳು ನಂಬರ್ ಬೋರ್ಡಿಗೆ ಬರೆದ ಐದು ಪ್ರಶ್ನೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಹನ್ನೆರಡು ಜನರಿಂದ ದೊಡ್ಡ ತೀರ್ಮಾನಕ್ಕೆ ಬರಲಿಕ್ಕೆ ಆಗೋದಿಲ್ಲ ಅಂತ ನನಗೂ ಗೊತ್ತು. ಆದರೆ ರೆಮಾ ಹನ್ನಾ, ಲೀ ಲಿಂಡೆನ್ ಅನ್ನುವ ಅರ್ಥಶಾಸ್ತ್ರಜ್ಞರು ಭಾರತದಲ್ಲೇ ಮಾಡಿ 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಜಾತಿ, ಲಿಂಗ, ವಯಸ್ಸನ್ನ ಮನಸ್ಸಿಗೆ ಬಂದ ಹಾಗೆ ಬದಲಿಸಿ ಅಂಟಿಸಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿ ಅಂತ ಬರೆದ ಪತ್ರಿಕೆಗೆ ಸ್ವಲ್ಪ ಕಡಿಮೆ ಅಂಕ ಬಂತು. ಅಂತರ ಸಣ್ಣದು, ಆದರೆ ಇತ್ತು. ಹಾಗೆ ಕಡಿಮೆ ಕೊಟ್ಟವರು ಹೆಚ್ಚಾಗಿ ಕೆಳಜಾತಿಯ ಶಿಕ್ಷಕರೇ! ಇದನ್ನ ಮೊದಲು ಓದಿದಾಗ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಅದೇ ಪ್ರಯೋಗದ ಇನ್ನೊಂದು ಸಂಗತಿ, ಈ ತಾರತಮ್ಯ ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಹೆಚ್ಚಿತ್ತು. ಅಳತೆ ಇನ್ನೂ ಕೈಗೆ ಕೂತಿರದಾಗ ಮನುಷ್ಯ ಜಾತಿಯನ್ನ ಸುಳಿವಾಗಿ ಹಿಡೀತಾನೆ. ಮೇಷ್ಟ್ರ ಆ ಮೂರು ಬೋರ್ಡ್ ಯಾಕೆ ಮೊದಲು ಬರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಕಾರಣ ನನಗೆ ಸಿಕ್ಕಿಲ್ಲ.

ಇನ್ನು ತಮ್ಮ ಕೆಲಸಕ್ಕೆ ತಾವೇ ಬರೆಯುವ ಹಾಳೆ. ಆ ಅಫಜಲಪುರದ ಹುಡುಗ ಹಳೆ ಫಾರಮ್ಮಿನಲ್ಲಿ ತನ್ನ ಕೌಶಲಕ್ಕೆ ತಾನೇ 6 ಹಾಕಿಕೊಂಡಿದ್ದ, ಗೆಳೆಯರು 8 ಕೊಟ್ಟಿದ್ದರು. ಯಾಕಪಾ ಅಂದರೆ "ಜಾಸ್ತಿ ಹಾಕ್ಕೊಂಡ್ರ ನಗ್ತಾರ್ರೀ ಅಣ್ಣಾ" ಅಂದ. ಅಂಕಕ್ಕೆ ಸೇರುವ ಸ್ವಂತ ಹಾಳೆಯಲ್ಲಿ ಇದೇ ಆಗೋದು. ಧೈರ್ಯ ಇದ್ದವನು ಹತ್ತು ಬರೀತಾನೆ, ಹುಟ್ಟಿದಾಗಿಂದ ತಲೆ ತಗ್ಗಿಸು ಅಂತ ಕೇಳಿದವನು ಆರು ಬರೀತಾನೆ. ಅಂಕಪಟ್ಟಿಯಲ್ಲಿ ಅದು ಕೌಶಲದ ವ್ಯತ್ಯಾಸ ಅಂತ ಕಾಣತದ. ಅದಕ್ಕೆ ಸ್ವಂತ ಹಾಳೆಗೆ ಅಂಕವೇ ಇಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಂಗಾದರೆ ಅದು ಯಾಕೆ ಬೇಕು? ಅದೇ ಎಂಟು ಪ್ರಶ್ನೆಗೆ, ಗೆಳೆಯರು ಬರೆದದ್ದನ್ನ ನೋಡುವ ಮೊದಲು, ತಾನೇ ಉತ್ತರ ಬರೆಯೋದು. ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಎಲ್ಲಿ ಹೊಂದಲಿಲ್ಲ ಅಂತ ನೋಡೋದು. ಕಲಿಕೆ ಆ ಹೊಂದದ ಜಾಗದಲ್ಲೇ ಇರ್ತದ. ಜೇವರ್ಗಿ ಕಡೆಯ ಒಬ್ಬ ಹುಡುಗಿ ಏಳನೇ ಪ್ರಶ್ನೆಗೆ, ನಾಲ್ಕು ಸ್ಥಿತಿಯದು, ತನಗೆ ತಾನೇ ‘ಇಲ್ಲ’ ಅಂತ ಬರೆದಿದ್ದಳು. ನೋಡಿದ ಇಬ್ಬರೂ ‘ಹೌದು’ ಅಂದಿದ್ದರು. ಬೋರ್ಡ್ ಸರಿಯೇ ಇತ್ತು. ನಾವು ಇವಳಿಗೂ ಧೈರ್ಯ ಕಡಿಮೆ ಅಂತ ತಿಳಿದೆವು. ಕೇಳಿದರೆ ಅವಳು ಹೇಳಿದ್ದೇ ಬೇರೆ: "ಹತ್ತಿತ್ರಿ ಸರ್, ಆದ್ರ ಯಾಕ ಹತ್ತಿತು ನಂಗ ಗೊತ್ತಿಲ್ಲ. ಕಾಮನ್ ಯಾವುದು ಅಂತ ತಿಳೀಲಿಲ್ಲ, ಅಂದಾಜಿಗೆ ಹಚ್ಚೀನಿ." ಬೋರ್ಡ್ ನೋಡಿ ಯಾವ ಮೇಷ್ಟ್ರಿಗೂ ಇದು ಗೊತ್ತಾಗ್ತಿರಲಿಲ್ಲ. ಅವತ್ತು ಮೇಷ್ಟ್ರು ಸ್ವಿಚ್ ಬಿಚ್ಚಿ ಕಾಮನ್ ಹೇಗೆ ಗುರುತಿಸಬೇಕು ಅಂತ ಎಲ್ಲರಿಗೂ ತೋರಿಸಿದರು, ಇನ್ನೂ ನಾಲ್ಕು ಜನ ಅಂದಾಜಿಗೇ ಹಚ್ಚಿದ್ದು ಹೊರಬಿತ್ತು. ಸ್ವಂತ ಹಾಳೆಗೆ ಅಂಕ ಇದ್ದಿದ್ದರೆ ಆ ಹುಡುಗಿ ಹಾಗೆ ಬರೀತಿದ್ದಳೇ?

ಇನ್ನೊಂದು ಎಚ್ಚರ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನುವವರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಚಕ್ರವ್ಯೂಹದಂಥ ದಾರಿ ಹುಡುಕುವ ಚಿತ್ರ ಕೊಟ್ಟು ಮಾಡಿದ ಪ್ರಯೋಗದಲ್ಲಿ, ಜಾತಿ ಹೇಳದೆ ಇದ್ದಾಗ ದಲಿತ ಹುಡುಗರು ಉಳಿದವರಷ್ಟೇ ಚೆನ್ನಾಗಿ ಬಿಡಿಸಿದ್ದರು. ಎಲ್ಲರೆದುರು ಹೆಸರಿನ ಜೊತೆ ಜಾತಿ ಓದಿದ ಮೇಲೆ ಅದೇ ಕೆಲಸದಲ್ಲಿ ಹಿಂದೆ ಬಿದ್ದರು. ನಮ್ಮ ಕೇಂದ್ರಗಳಲ್ಲಿ ಪ್ರಾಯೋಗಿಕ ಪರೀಕ್ಷೆಯ ದಿನವೇ "ಎಸ್ಸಿ ಎಸ್ಟಿ ಸ್ಕಾಲರ್‌ಶಿಪ್‌ನವರು ಎದ್ದು ನಿಲ್ರಿ" ಅಂತ ಪಟ್ಟಿ ಕೂಗೋದನ್ನ ನಾನು ಕಣ್ಣಾರೆ ಕಂಡಿದ್ದೇನೆ. ಸ್ಕಾಲರ್‌ಶಿಪ್ ನಮ್ಮ ಹಕ್ಕು, ಪಟ್ಟಿ ಓದಲಿ. ಆದರೆ ಆಫೀಸಿನಲ್ಲಿ ಓದಲಿ, ಬೇರೆ ದಿನ ಓದಲಿ. ಮೌಲ್ಯಮಾಪನದ ಫಾರಮ್ಮಿನ ತಲೆಯ ಮೇಲೆ ‘ವರ್ಗ’ ಅಂತ ಒಂದು ಖಾನೆ ಇದ್ದರೆ ಅದನ್ನ ಕಪ್ಪು ಮಸಿಯಿಂದ ಹೊಡೆದು ಹಾಕ್ರಿ.

ಈ ಫಾರಮ್ಮಿನಿಂದ ಆಗದ್ದೂ ಬಹಳ ಇದೆ, ಅದನ್ನ ಮುಚ್ಚಿಡೋದು ಬೇಡ. ಇಪ್ಪತ್ತು ಜನರ ಬ್ಯಾಚಿನಲ್ಲಿ ಮೂರು ತಿಂಗಳಾದ ಮೇಲೆ ನಂಬರ್ ಹಾಕಿದರೂ ಬೋರ್ಡ್ ಯಾರದು ಅಂತ ಕೈ ನೋಡಿ ಗುರುತು ಹಿಡೀತಾರೆ. ವೈರಿಂಗಿಗೆ ಟೆಸ್ಟರ್ ಇದೆ, ಹೊಲಿಗೆಗೆ ಟೇಪ್ ಇದೆ. ಆದರೆ ನರ್ಸಿಂಗ್ ಕಲಿಯುವ ಹುಡುಗಿ ರೋಗಿಯ ಜೊತೆ ಹೇಗೆ ಮಾತಾಡಿದಳು ಅನ್ನೋದನ್ನ ಪೂರ್ತಿ ಹೌದು ಇಲ್ಲದಲ್ಲಿ ಹಿಡಿಯಲಿಕ್ಕೆ ಆಗೋದಿಲ್ಲ. ಸೂಜಿ ಚುಚ್ಚುವ ಮೊದಲು ರೋಗಿಯ ಹೆಸರು ಕೇಳಿದಳೇ, ಕೈ ತೊಳೆದಳೇ, ಏನು ಮಾಡತೀನಿ ಅಂತ ಹೇಳಿದಳೇ, ಇಷ್ಟನ್ನ ಕೇಳಬಹುದು. ಉಳಿದದ್ದಕ್ಕೆ ಅನುಭವಸ್ಥರೇ ಬೇಕು. ಇನ್ನು, ಗೆಳೆಯರು ಕೊಟ್ಟ ಅಂಕ ಅಪ್ರೆಂಟಿಸ್‌ನಂಥ ಹೊಟ್ಟೆಪಾಡಿನ ಪಟ್ಟಿಗೆ ಸೇರಿತೋ, ಅವತ್ತೇ ಫಾರಂ ಕೆಡತದ. ಹುಡುಗರು ಬೋರ್ಡ್ ನೋಡೋದು ಬಿಟ್ಟು ಪಟ್ಟಿ ನೋಡ್ತಾರೆ. ಕಲಿಯಲಿಕ್ಕೆ ಇದನ್ನ ಬಳಸಲಿ. ಪಟ್ಟಿ ಮಾಡುವ ಜವಾಬ್ದಾರಿ ಮೇಷ್ಟ್ರದು, ಅದನ್ನ ಹುಡುಗರ ಹೆಗಲ ಮೇಲೆ ಹೊರಿಸಿ "ನಾವೇನೂ ಮಾಡಿಲ್ಲ" ಅನ್ನೋದು ನಡೆಯೋದಿಲ್ಲ.

ಆ ಕೇಂದ್ರಕ್ಕೆ ನಾವು ಬರೆದು ಕೊಟ್ಟ ಮನವಿಯಲ್ಲಿ ಕೇಳಿದ್ದು ಇಷ್ಟೇ. ಸ್ವಚ್ಛತೆ, ತಂಡದ ಮನೋಭಾವ, ನಾಯಕತ್ವ ಈ ಮೂರು ಕಾಲಂ ತೆಗೀರಿ, ಇಲ್ಲಾ ಬೋರ್ಡಿನ ಮೇಲೆ ಏನು ಕಂಡರೆ ಎಷ್ಟು ಅಂತ ಬರೀರಿ. ಕಡಿಮೆ ಕೊಟ್ಟವರು ಕಾರಣ ಬರೆಯಲಿ. ಅಂಕ ಒಪ್ಪದ ವಿದ್ಯಾರ್ಥಿಗೆ ಬೋರ್ಡ್ ಬಿಚ್ಚುವ ಮೊದಲು ಮತ್ತೆ ನೋಡಿಸುವ ಹಕ್ಕು ಇರಲಿ. ಇದು ಸಣ್ಣ ಮಾತಲ್ಲ ನೋಡ್ರಿ: ಕೆಲಸ ಮುಗಿದ ಕೂಡಲೇ ವೈರ್ ಬಿಚ್ಚಿ ಮುಂದಿನ ಬ್ಯಾಚಿಗೆ ಇಡ್ತಾರೆ. ಆಮೇಲೆ ತಕರಾರಿಗೆ ಸಾಕ್ಷಿಯೇ ಉಳಿಯೋದಿಲ್ಲ. ಒಂದು ಫೋಟೋ ತೆಗೆದಿಡೋದು ಯಾರಿಗೂ ಭಾರ ಅಲ್ಲ. ಅಪ್ರೆಂಟಿಸ್ ಪಟ್ಟಿ ಮತ್ತೆ ಮಾಡೋದಿಲ್ಲ ಅಂದಿದ್ದಾರೆ, ಮೂರು ಕಾಲಂ ತೆಗೆಯುವ ವಿಷಯ ‘ನೋಡೋಣ’ದಲ್ಲಿದೆ. ಮುಂದಿನ ಬ್ಯಾಚ್ ಶುರುವಾಗುವ ಮೊದಲು ಮತ್ತೆ ಹೋಗ್ತೇವೆ. ತಂದೆತಾಯಿ ಯಾರು ಜೊತೆಗೆ ಬರ್ತೀರಿ, ಕಾಮೆಂಟಿನಲ್ಲಿ ಊರ ಹೆಸರು ಹಾಕ್ರಿ ಸಾಕು.

ಆ ಅಫಜಲಪುರದ ಹುಡುಗ ಈಗಲೂ ಶನಿವಾರ ಬರ್ತಾನೆ. ಮೇಷ್ಟ್ರಿಗೆ ಮಂಡಿ ನೋವು, ಅದಕ್ಕೆ ತಪ್ಪು ಇಟ್ಟ ಬೋರ್ಡ್ ತಯಾರು ಮಾಡುವ ಕೆಲಸ ಇವನದೇ. ಹೋದ ವಾರ ಮಾಡಿದ್ದರಲ್ಲಿ ತಪ್ಪು ಎಲ್ಲಿದೆ ಅಂತ ಮೇಷ್ಟ್ರಿಗೇ ಹದಿನೈದು ನಿಮಿಷ ಸಿಗಲಿಲ್ಲ. ಅರ್ಥ್ ವೈರ್ ಚಂದ ಬಂದು ಸ್ಕ್ರೂ ಕೆಳಗೆ ಕೂತಿತ್ತು, ಆದರೆ ಅದರ ತುದಿಯ ಪ್ಲಾಸ್ಟಿಕ್ ಸುಲಿದೇ ಇರಲಿಲ್ಲ.